ಲಾಕರ್ ಅತ್ತೆಯದು, ಒಡವೆ ನಿಮ್ಮದೇ

ಪ್ರಶ್ನೆ: ಮೇಡಂ, ನನ್ನ ಮದುವೆಯಾಗಿ ಏಳು ವರ್ಷ. ಮದುವೆಯಲ್ಲಿ ತವರಿನವರು 160 ಗ್ರಾಂ ಒಡವೆ ಹಾಕಿದ್ದರು. ಮದುವೆ ಮುಗಿದ ವಾರದಲ್ಲೇ ಅತ್ತೆ ಎಲ್ಲವನ್ನೂ ತಗೊಂಡು ತಮ್ಮ ಲಾಕರಿನಲ್ಲಿ ಇಟ್ಟರು. ಅದರಲ್ಲಿ 48 ಗ್ರಾಂನ ನಾಲ್ಕು ಬಳೆಯನ್ನು ಗಂಡ ಅಡ ಇಟ್ಟು ಅಂಗಡಿಗೆ ದುಡ್ಡು ಹಾಕಿದ್ದಾರೆ. ಕಾರಿಗೆ ಅಂತ ಅಪ್ಪ 3 ಲಕ್ಷ ಕೊಟ್ಟಿದ್ದರು, ಕಾರು ಗಂಡನ ಹೆಸರಲ್ಲಿದೆ. ಆಮೇಲೆ ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೈಟು ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿದರು. ಅದಕ್ಕೆ ತನ್ನ ಹೆಸರೂ ಸೇರಿಸು ಅಂತ ಗಂಡನ ಒತ್ತಾಯ. ಐದು ತಿಂಗಳಿಂದ ಮಗಳ ಜೊತೆ ತವರಲ್ಲಿದ್ದೇನೆ. ಒಡವೆ ಕೇಳಿದರೆ ಅತ್ತೆ “ಮದುವೆ ಆದ ಮೇಲೆ ಒಡವೆ ಮನೇದು, ಹಿಂದಿನಿಂದ ನಡೆದು ಬಂದಿರೋದೇ ಹೀಗೆ” ಅನ್ನುತ್ತಾರೆ. ಹೆಚ್ಚಿನದಕ್ಕೆ ಬಿಲ್ಲು ಇಲ್ಲ. ನನಗೆ ಡಿವೋರ್ಸ್ ಬೇಡ, ಒಡವೆ ಬೇಕು. ಏನು ಮಾಡಲಿ?

ಉತ್ತರ:

ಒಡವೆ ನಿಮ್ಮದು. ಮನೆಯದಲ್ಲ, ಗಂಡನದಲ್ಲ, ನಿಮಗೂ ಗಂಡನಿಗೂ ಸೇರಿದ ಜಂಟಿ ಆಸ್ತಿಯೂ ಅಲ್ಲ. ಈ ಮಾತನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಹೆಣ್ಣು ಗಂಡನ ಮನೆಗೆ ಕಾಲಿಟ್ಟ ಕೂಡಲೇ ಆಕೆಯ ಸ್ತ್ರೀಧನ, ಅಂದರೆ ಆಕೆಗೇ ಸೇರಿದ ಒಡವೆ ಆಸ್ತಿ, ಜಂಟಿ ಸ್ವತ್ತಾಗುತ್ತದೆ ಎಂದು ಅದಕ್ಕೂ ಮೊದಲು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ತೀರ್ಪು ಕೊಟ್ಟಿತ್ತು. ಅದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಡವೆ ಅತ್ತೆಯ ಕೈಯಲ್ಲಿರಲಿ, ಗಂಡನ ಕೈಯಲ್ಲಿರಲಿ, ಅವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಮಾತ್ರ. ನೀವು ಕೇಳಿದಾಗ ಕೊಡಬೇಕು. 1997ರಲ್ಲಿ ರಶ್ಮಿ ಕುಮಾರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೂ ಇದನ್ನೇ ಎತ್ತಿ ಹಿಡಿಯಿತು.

ಹಿಂದಿನಿಂದ ನಡೆದು ಬಂದಿದ್ದು ಅಂತ ನಿಮ್ಮ ಅತ್ತೆ ಹೇಳುತ್ತಾರಲ್ಲ, ಅದಕ್ಕೊಂದು ಮಾತು. ಸ್ತ್ರೀಧನದ ವಿಷಯದಲ್ಲಿ ಹಳೆಯ ಧರ್ಮಶಾಸ್ತ್ರಕಾರರಲ್ಲೇ ಅತಿ ವಿಶಾಲವಾಗಿ ಬರೆದವನು ನಮ್ಮ ನೆಲದವನೇ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಅಲ್ಲಿ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ. ತಂದೆ, ತಾಯಿ, ಅಣ್ಣತಮ್ಮಂದಿರು, ಗಂಡ ಕೊಟ್ಟಿದ್ದು ಸ್ತ್ರೀಧನ ಎನ್ನುವುದು ಮೊದಲಿಂದಲೂ ಇತ್ತು. ಆಕೆ ಕೊಂಡಿದ್ದು, ಆಕೆಗೆ ಪಾಲಿನಲ್ಲಿ ಬಂದಿದ್ದು, ವಾರಸುದಾರಿಕೆಯಲ್ಲಿ ಬಂದಿದ್ದು ಎಲ್ಲವನ್ನೂ ಅವನು ಅದಕ್ಕೆ ಸೇರಿಸಿದ. ಮುಂದೆ ಬ್ರಿಟಿಷ್ ಕಾಲದ ಕೋರ್ಟುಗಳು ಅದನ್ನು ಕಿರಿದು ಮಾಡಿದವು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಬಗ್ಗೆ ಬೇರೆ ಕಾಯ್ದೆ ತಂದು ಒಡವೆ, ಉಡುಗೆ, ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆ ಆದ ಮೇಲೆ ಬಂದ ಉಡುಗೊರೆಗಳನ್ನು ಸ್ತ್ರೀಧನ ಅಂತ ಬರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಇಡೀ ದೇಶಕ್ಕೆ ಅನ್ವಯಿಸಿ, ಹಿಂದೂ ಹೆಣ್ಣಿನ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂದಿತು. ಹಾಗಾಗಿ ಪದ್ಧತಿ ಅಂತ ಅವರು ಹೇಳುತ್ತಿರುವುದು ಕಾನೂನಿನಲ್ಲೂ ಇಲ್ಲ, ಶಾಸ್ತ್ರದಲ್ಲೂ ಇಲ್ಲ.

ಹಕ್ಕಿನ ಬಗ್ಗೆ ಇಷ್ಟು ಸಾಕು. ಇಂಥ ಕೇಸುಗಳಲ್ಲಿ ನಿಜವಾದ ಜಗಳ ಹಕ್ಕಿನ ಮೇಲೆ ನಡೆಯುವುದೇ ಇಲ್ಲ. ಕೋರ್ಟಿಗೆ ಬಂದ ಮೇಲೆ “ಒಡವೆ ಮನೇದು” ಅಂತ ಯಾವ ವಕೀಲರೂ ಬರೆಯುವುದಿಲ್ಲ. “ಅಷ್ಟು ಒಡವೆ ಹಾಕಿರಲೇ ಇಲ್ಲ”, “ಎಲ್ಲ ಅವಳೇ ತಗೊಂಡು ಹೋಗಿದ್ದಾಳೆ” ಅಂತ ಬರೆಯುತ್ತಾರೆ. ನೀವು ಸಿದ್ಧವಾಗಬೇಕಿರುವುದು ಈ ಎರಡು ಮಾತಿಗೆ. ಯಾವ ಒಡವೆ ಇತ್ತು, ಕೊನೆಗೆ ಯಾರ ಕೈಗೆ ಹೋಯಿತು ಎಂಬುದನ್ನು ನೀವು ತೋರಿಸಬೇಕು.

ಅದಕ್ಕೆ ಮೊದಲು ಒಂದು ಪಟ್ಟಿ ಮಾಡಿ. “160 ಗ್ರಾಂ ಚಿನ್ನ” ಅಂತ ಒಟ್ಟಾಗಿ ಬರೆದರೆ ಪ್ರಯೋಜನವಿಲ್ಲ. ಒಂದೊಂದು ಒಡವೆಗೂ ಒಂದೊಂದು ಸಾಲು ಇರಲಿ. ಬಳೆ ನಾಲ್ಕು, 48 ಗ್ರಾಂ, ಅಪ್ಪ ಕೊಟ್ಟಿದ್ದು, ಮದುವೆ ಹಿಂದಿನ ದಿನ ಹಾಕಿದ್ದು, ಮದುವೆ ಆದ ವಾರದಲ್ಲಿ ಅತ್ತೆ ಕೈಗೆ ಕೊಟ್ಟಿದ್ದು, ಆಮೇಲೆ ಗಂಡ ಅಡ ಇಟ್ಟಿದ್ದು. ಹಾರ, ನೆಕ್ಲೇಸ್, ಓಲೆ, ಜುಮುಕಿ, ಸರ, ಉಂಗುರ ಎಲ್ಲಕ್ಕೂ ಹೀಗೇ. ಸೋದರಮಾವ ಹಾಕಿದ ಉಂಗುರ, ಸೀಮಂತಕ್ಕೆ ದೊಡ್ಡಮ್ಮ ಕೊಟ್ಟ ಬೆಳ್ಳಿ ಸಾಮಾನು, ನಿಮ್ಮ ಸಂಬಳದಲ್ಲಿ ನೀವೇ ಕೊಂಡ ಚೈನು ಇದ್ದರೆ ಅವನ್ನೂ ಬರೆಯಿರಿ. ಮದುವೆ ದಿನ ಬಂದಿದ್ದು ಮಾತ್ರ ಸ್ತ್ರೀಧನ ಅಂತ ಸುಮಾರು ಜನ ತಿಳಿದಿದ್ದಾರೆ. ಮೊದಲು ಬಂದಿದ್ದೂ ನಿಮ್ಮದೇ, ಆಮೇಲೆ ಬಂದಿದ್ದೂ ನಿಮ್ಮದೇ, ದುಡಿದು ಕೊಂಡಿದ್ದೂ ನಿಮ್ಮದೇ. ತೂಕ ಸರಿಯಾಗಿ ನೆನಪಿಲ್ಲದಿದ್ದರೆ “ಸುಮಾರು” ಅಂತ ಬರೆಯಿರಿ. ಊಹಿಸಿ ಜಾಸ್ತಿ ಬರೆಯಬೇಡಿ. ಒಂದು ಒಡವೆಯ ತೂಕ ಸುಳ್ಳು ಅಂತ ಸಾಬೀತಾದರೆ ಉಳಿದವುಗಳ ಮೇಲೂ ನ್ಯಾಯಾಧೀಶರಿಗೆ ಅನುಮಾನ ಬರುತ್ತದೆ.

ಮದುವೆ ಸಮಯದಲ್ಲೇ ಇಂಥದ್ದೊಂದು ಪಟ್ಟಿ ಆಗಬೇಕು ಅಂತ ನಿಯಮವೇ ಇದೆ. ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿ 1985ರಲ್ಲಿ ಬಂದ ನಿಯಮ ಅದು. ಉಡುಗೊರೆ ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರ ಸಂಬಂಧ ಏನು ಅಂತ ಬರೆದು ಹುಡುಗ ಹುಡುಗಿ ಇಬ್ಬರೂ ಸಹಿ ಹಾಕಬೇಕು. ಹೆಣ್ಣಿಗೆ ಬಂದಿದ್ದರ ಪಟ್ಟಿ ಹೆಣ್ಣಿನ ಹತ್ತಿರವೇ ಇರಬೇಕು. ನಮ್ಮ ಮದುವೆಗಳಲ್ಲಿ ಊಟದ ಪಟ್ಟಿ ಮಾಡುತ್ತಾರೆ, ಇದನ್ನು ಮಾಡುವವರು ಅಪರೂಪ. ಇದನ್ನು ಓದುತ್ತಿರುವವರ ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ದಯವಿಟ್ಟು ಮಾಡಿಸಿ. ನಿಮ್ಮಲ್ಲಿ ಆ ಪಟ್ಟಿ ಇಲ್ಲದ್ದರಿಂದ ಹಕ್ಕು ಹೋಗುವುದಿಲ್ಲ. ಬೇರೆ ದಾರಿಯಲ್ಲಿ ಸಾಬೀತು ಮಾಡಬೇಕು, ಅಷ್ಟೇ.

ಬಿಲ್ಲಿಲ್ಲ ಅನ್ನುವ ನಿಮ್ಮ ಭಯಕ್ಕೆ ಬರುತ್ತೇನೆ. ಮದುವೆ ಆಲ್ಬಂ ತೆಗೆದು ಮುಂದೆ ಇಟ್ಟುಕೊಳ್ಳಿ. ಧಾರೆಯ ಫೋಟೋಗಳಿಗಿಂತ ಆರತಕ್ಷತೆಯ ಫೋಟೋಗಳಲ್ಲಿ ಒಡವೆ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಧಾರೆಯಲ್ಲಿ ಹೂವಿನ ಹಾರ ಕುತ್ತಿಗೆ ಮುಚ್ಚಿರುತ್ತದೆ. ಪ್ರತಿ ಒಡವೆಯೂ ಸ್ಪಷ್ಟವಾಗಿ ಕಾಣುವ ಒಂದೊಂದು ಫೋಟೋ ಆರಿಸಿ, ಪಟ್ಟಿಯ ಸಾಲಿನ ನಂಬರನ್ನೇ ಅದಕ್ಕೂ ಹಾಕಿ. ಫೋಟೋಗ್ರಾಫರ್ ಹತ್ತಿರ ಮೂಲ ಫೈಲುಗಳು ಇನ್ನೂ ಇದ್ದರೆ ತಗೊಳ್ಳಿ. ಒಡವೆ ಮಾಡಿಸಿದ ಅಂಗಡಿಗೆ ಅಪ್ಪ ಹೋಗಿ ವಿಚಾರಿಸಲಿ. ಹಳೆಯ ಬಿಲ್ಲಿನ ನಕಲು ಸಿಕ್ಕರೂ ಸಿಗಬಹುದು. ಅಪ್ಪ ಆ ಸಮಯದಲ್ಲಿ ಬ್ಯಾಂಕಿನಿಂದ ದುಡ್ಡು ತೆಗೆದಿದ್ದರೆ, ಅಂಗಡಿಗೆ ಚೆಕ್ ಕೊಟ್ಟಿದ್ದರೆ ಆ ಪಾಸ್‌ಬುಕ್ ಕೂಡ ಸಾಕ್ಷಿ. ನಿಮ್ಮ ಮನೆಯಲ್ಲಿ ಮುಯ್ಯಿ ಬರೆದ ನೋಟ್‌ಬುಕ್ ಇದೆಯಾ ನೋಡಿ. ಯಾರು ಏನು ಕೊಟ್ಟರು ಅಂತ ಮದುವೆ ದಿನವೇ ಬರೆದಿಟ್ಟ ಪುಸ್ತಕ ಅದು. ಜಗಳ ಶುರುವಾಗುವ ಎಷ್ಟೋ ವರ್ಷ ಮೊದಲು ಬರೆದಿದ್ದು ಅನ್ನುವುದೇ ಅದರ ಬಲ.

ಅಡ ಇಟ್ಟ ಬಳೆಗಳ ವಿಷಯದಲ್ಲಂತೂ ನಿಮ್ಮ ಗಂಡನೇ ಸಾಕ್ಷಿ ಮಾಡಿಕೊಟ್ಟಿದ್ದಾರೆ. ಚಿನ್ನದ ಸಾಲ ಕೊಡುವಾಗ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಒಡವೆಯ ಹೆಸರು, ಎಷ್ಟು ಸಂಖ್ಯೆ, ಒಟ್ಟು ತೂಕ, ಕಲ್ಲು ಅರಗು ಕಳೆದ ನಿವ್ವಳ ತೂಕ ಎಲ್ಲ ಬರೆದು ಚೀಟಿ ಕೊಡುತ್ತಾರೆ. “ಬಳೆ 4, ಒಟ್ಟು 48 ಗ್ರಾಂ” ಅಂತ ಆ ಚೀಟಿಯಲ್ಲಿದ್ದರೆ, ನಿಮ್ಮ ಮದುವೆ ಫೋಟೋದಲ್ಲಿ ಅದೇ ನಾಲ್ಕು ಬಳೆ ಕಂಡರೆ, “ಬಳೆ ಇರಲೇ ಇಲ್ಲ” ಅನ್ನುವ ಮಾತು ನಿಲ್ಲುವುದಿಲ್ಲ. ಚೀಟಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಯಾವ ಶಾಖೆ ಅಂತ ಗೊತ್ತಿದ್ದರೆ ದಾಖಲೆ ತರಿಸಲು ಕೋರ್ಟನ್ನು ಕೇಳಬಹುದು. ಅತ್ತೆಯ ಲಾಕರಿನದೂ ಹಾಗೆಯೇ. ಲಾಕರ್ ತೆಗೆದ ದಿನ, ಹೊತ್ತು, ಸಹಿ ಬ್ಯಾಂಕಿನ ರಿಜಿಸ್ಟರಿನಲ್ಲಿ ಇರುತ್ತದೆ. ನಿಮ್ಮ ಮದುವೆಯ ವಾರದಲ್ಲಿ ಒಮ್ಮೆ, ನೀವು ತವರಿಗೆ ಬಂದ ವಾರದಲ್ಲಿ ಇನ್ನೊಮ್ಮೆ ಅವರು ಲಾಕರ್ ತೆಗೆದಿದ್ದರೆ, ಆ ತಾರೀಖುಗಳು ನಿಮ್ಮ ಮಾತಿಗೆ ಬೆಂಬಲ ಕೊಡುತ್ತವೆ.

ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ. “ಬಳೆ ಯಾವಾಗ ಬಿಡಿಸ್ತೀರಾ” ಅಂತ ನೀವು ಕೇಳಿ, “ಅಂಗಡಿ ಸ್ವಲ್ಪ ಸರಿ ಹೋಗ್ಲಿ” ಅಂತ ಅವರು ಒಂದು ಸಾಲು ಬರೆದಿದ್ದರೂ ಸಾಕು. ಸ್ಕ್ರೀನ್‌ಶಾಟ್ ತೆಗೆದು ಫೋನ್ ಮಾರಿಬಿಡಬೇಡಿ, ಮೂಲ ಫೋನನ್ನೇ ಇಟ್ಟುಕೊಳ್ಳಿ. ಇಂಥ ಮುದ್ರಿತ ಪ್ರತಿಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಲಗತ್ತಿಸಬೇಕು. ಅದನ್ನು ನಿಮ್ಮ ವಕೀಲರು ಮಾಡಿಸುತ್ತಾರೆ, ನೀವು ನೆನಪಿಸಿ.

ಸಾಕ್ಷಿ ಎಷ್ಟಿದ್ದರೆ ಸಾಕು? ಇದಕ್ಕೆ 2024ರ ಏಪ್ರಿಲ್‌ನಲ್ಲಿ ಬಂದ ಮಾಯಾ ಗೋಪಿನಾಥನ್ ತೀರ್ಪು ನಿಮ್ಮ ಕೇಸಿಗೆ ತುಂಬಾ ಹತ್ತಿರ. ಕೇರಳದ ಪ್ರಕರಣ. 2003ರಲ್ಲಿ ಮದುವೆ. ತವರಿನವರು 89 ಪವನ್ ಒಡವೆ ಹಾಕಿದ್ದರು, ಅಂದರೆ 700 ಗ್ರಾಂಗೂ ಜಾಸ್ತಿ. ಮೊದಲ ರಾತ್ರಿಯೇ ಗಂಡ ಒಡವೆ ತೆಗೆದುಕೊಂಡು, ಜೋಪಾನವಾಗಿರಲಿ ಅಂತ ತಾಯಿ ಕೈಗೆ ಕೊಟ್ಟ. ಆಮೇಲೆ ಅವರಿಬ್ಬರೂ ತಮ್ಮ ಹಳೇ ಸಾಲಕ್ಕೆ ಅದನ್ನು ಬಳಸಿಕೊಂಡರು ಎಂಬುದು ಆಕೆಯ ದೂರು. ಕೌಟುಂಬಿಕ ನ್ಯಾಯಾಲಯ ಆಕೆಯ ಮಾತು ನಂಬಿ 8.9 ಲಕ್ಷ ಕೊಡಿಸಿತು. ಹೈಕೋರ್ಟ್ ಸಾಕ್ಷಿ ಸಾಲದು ಅಂತ ಅದನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿತು. ಇದು ಕೊಲೆ ಕೇಸಲ್ಲ, ಅನುಮಾನಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. ಇಬ್ಬರ ಮಾತಿನಲ್ಲಿ ಯಾರದ್ದು ಹೆಚ್ಚು ನಂಬುವಂತಿದೆ ಎಂದು ನೋಡಿದರೆ ಸಾಕು ಎಂದಿತು. ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ದಿನದಿಂದಲೇ ಗಂಡನನ್ನು ನಂಬದೆ ಇರುತ್ತಾಳೆ ಅಂತ ಭಾವಿಸುವುದು ಸರಿಯಲ್ಲ ಎಂದೂ ಹೇಳಿತು. ಕೊನೆಗೆ ಕಳೆದುಹೋದ ವರ್ಷಗಳನ್ನು, ಏರಿದ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡು 25 ಲಕ್ಷ ಕೊಡಿಸಿತು.

ಈ ಕೊನೆಯ ಅಂಶವನ್ನು ನೀವು ಗಮನಿಸಬೇಕು. ಅರ್ಜಿಯಲ್ಲಿ “ಒಡವೆಯ ಬೆಲೆ ಇಷ್ಟು ಲಕ್ಷ” ಅಂತ ಮದುವೆ ಕಾಲದ ರೇಟನ್ನು ಬರೆದರೆ ನಿಮಗೇ ನಷ್ಟ. ಮೊದಲು ಒಡವೆಯನ್ನೇ ಕೇಳಿ. ಅದು ಇಲ್ಲವಾದರೆ ಅಷ್ಟೇ ತೂಕದ, ಅದೇ ಗುಣಮಟ್ಟದ ಚಿನ್ನ, ಇಲ್ಲವೇ ಕೊಡುವ ದಿನದ ಮಾರುಕಟ್ಟೆ ಬೆಲೆ ಅಂತ ಬರೆಸಿ.

ಗಂಡ ಬಳೆ ಅಡ ಇಟ್ಟಿದ್ದು ತಪ್ಪಾ ಅನ್ನುವುದಕ್ಕೆ ಉತ್ತರ ಸ್ವಲ್ಪ ಸೂಕ್ಷ್ಮ. ತೀರಾ ಕಷ್ಟ ಬಂದಾಗ ಗಂಡ ಹೆಂಡತಿಯ ಒಡವೆ ಬಳಸಿಕೊಳ್ಳಬಹುದು ಅಂತ ಹಳೇ ಶಾಸ್ತ್ರದಲ್ಲೂ ಇದೆ, ಮಾಯಾ ಗೋಪಿನಾಥನ್ ತೀರ್ಪಿನಲ್ಲೂ ಇದೆ. ಆದರೆ ತಿರುಗಿ ಕೊಡುವ ಹೊಣೆ ಅವನದೇ. ಬಳಸಿದ್ದರಿಂದ ಒಡವೆ ಅವನದಾಗುವುದಿಲ್ಲ. ನೀವು ಒಪ್ಪಿ ಕೊಟ್ಟಿದ್ದರೂ ಅಷ್ಟೇ. ಬಿಡಿಸಿಕೊಡುತ್ತೇನೆ ಅಂತ ಹೇಳಿ ತಗೊಂಡಿದ್ದರೆ ಅದು ನಿಮ್ಮಿಂದ ಪಡೆದ ನೆರವು, ನೀವು ಮಾಡಿದ ದಾನ ಅಲ್ಲ. ಇಲ್ಲಿ ಒಂದು ತುರ್ತು ಇದೆ. ಬಡ್ಡಿ ಕಟ್ಟದಿದ್ದರೆ ಅಡ ಇಟ್ಟ ಒಡವೆ ಹರಾಜಾಗುತ್ತದೆ. ಹಾಗಾಗಿ ಬಳೆಗಳ ವಿಷಯ ಕೋರ್ಟಿನ ಕೊನೆಯ ತೀರ್ಪಿನವರೆಗೆ ಕಾಯುವಂಥದ್ದಲ್ಲ. ಈ ಒಡವೆ ನನ್ನದು, ಹರಾಜು ಮಾಡಬೇಡಿ ಅಂತ ಸಾಲ ಕೊಟ್ಟ ಶಾಖೆಗೆ ಈಗಲೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಆ ಪತ್ರವೊಂದರಿಂದ ಅವರು ಕಟ್ಟುಬೀಳುವುದಿಲ್ಲ, ಆದರೆ ಕೋರ್ಟಿನ ಆದೇಶ ಬರುವತನಕ ಅವರಿಗೆ ವಿಷಯ ಗೊತ್ತಿರಲಿ.

ಈಗ ಪಟ್ಟಿಯಲ್ಲಿ ತಕರಾರು ಬರುವ ಮೂರು ಸಾಲುಗಳು.

ಒಂದು, ಗಂಡನ ಮನೆಯವರು ಹಾಕಿದ ಒಡವೆ. ತಾಳಿ, ಕರಿಮಣಿ ಸರ, ಅತ್ತೆ ಹಾಕಿದ ನೆಕ್ಲೇಸು ನಿಮಗೆ ಅಂತ ಕೊಟ್ಟಿದ್ದರೆ ಅವೂ ನಿಮ್ಮ ಸ್ತ್ರೀಧನವೇ. ಕೊಟ್ಟವರು ಗಂಡನ ಕಡೆಯವರು ಅನ್ನುವುದರಿಂದ ವ್ಯತ್ಯಾಸವಾಗುವುದಿಲ್ಲ. ಆದರೆ ಮನೆತನದ ಕಾಸಿನ ಸರವನ್ನೋ ಡಾಬನ್ನೋ ಮದುವೆ ದಿನಕ್ಕೆ ಮಾತ್ರ ಹಾಕಿಸಿ ಸಂಜೆ ತೆಗೆದಿಟ್ಟುಕೊಂಡಿದ್ದರೆ ಅದನ್ನು ಉಡುಗೊರೆ ಅನ್ನೋಕಾಗಲ್ಲ. ಅದನ್ನು ಪಟ್ಟಿಗೆ ಸೇರಿಸಬೇಡಿ.

ಎರಡು, ಕಾರು. ಇಲ್ಲಿ ನಿಮಗೆ ಕಹಿ ಅನ್ನಿಸುವ ಮಾತು ಹೇಳಬೇಕು. ಅಪ್ಪ ತಾವಾಗೇ ಅಳಿಯನಿಗೆ ಅಂತ ಕೊಟ್ಟಿದ್ದರೆ ಆ 3 ಲಕ್ಷ ಅಳಿಯನಿಗೆ ಸೇರಿದ್ದು, ಸ್ತ್ರೀಧನವಲ್ಲ. ಮಗಳಿಗೆ ಓಡಾಡಲು ಅಂತ ಕೊಟ್ಟು, ಕಾರನ್ನು ಅಳಿಯನ ಹೆಸರಲ್ಲಿ ಮಾಡಿಸಿದ್ದರೆ ಅದು ನಿಮ್ಮ ದುಡ್ಡು. ಅವರು ಕೇಳಿ ತಗೊಂಡಿದ್ದರೆ ಅದು ವರದಕ್ಷಿಣೆ. ವರದಕ್ಷಿಣೆ ಆದರೂ ಅದು ಅವರದ್ದಾಗುವುದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಪ್ರಕಾರ, ಹೆಣ್ಣಿನ ಬದಲು ಬೇರೆ ಯಾರೇ ವರದಕ್ಷಿಣೆ ಪಡೆದಿದ್ದರೂ ಮೂರು ತಿಂಗಳೊಳಗೆ ಅದನ್ನು ಆಕೆಗೇ ಒಪ್ಪಿಸಬೇಕು. ಅಲ್ಲಿಯವರೆಗೆ ಅವಳ ಪರವಾಗಿ ಇಟ್ಟುಕೊಂಡಿರಬೇಕು. ಒಪ್ಪಿಸದಿದ್ದರೆ ಅದೇ ಒಂದು ಅಪರಾಧ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲಾಗಬಹುದು. ಈ ಮೂರರಲ್ಲಿ ಯಾವುದು ನಿಜ ಅಂತ ಅಪ್ಪನ ಜೊತೆ ಕೂತು ಮಾತಾಡಿ. ಕೇಸಿಗೆ ಅನುಕೂಲ ಅಂತ ಇಲ್ಲದ ಬೇಡಿಕೆಯನ್ನು ಸೃಷ್ಟಿಸಬೇಡಿ. ಇದ್ದ ಬೇಡಿಕೆಯನ್ನು ಮರ್ಯಾದೆಗೆ ಹೆದರಿ ಮುಚ್ಚಿಡಲೂ ಬೇಡಿ.

ಮೂರು, ಮುಯ್ಯಿ ದುಡ್ಡು ಮತ್ತು ಇಬ್ಬರಿಗೂ ಅಂತ ಬಂದ ಸಾಮಾನು. ಫ್ರಿಜ್ಜು, ಮಂಚ, ಬೀರು ಇಂಥವನ್ನು ದಂಪತಿಗೆ ಅಂತ ಕೊಟ್ಟಿದ್ದರೆ ಜಂಟಿಯಾಗಿ ಲೆಕ್ಕವಾಗಬಹುದು. ಅದರ ಹಂಚಿಕೆಗೆ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಇದೆ. ಆದರೆ ಅದು ಡಿವೋರ್ಸಿನಂಥ ಕೇಸು ನಡೆಯುತ್ತಿದ್ದಾಗ ಮಾತ್ರ ಬಳಕೆಗೆ ಬರುತ್ತದೆ. ನಿಮಗೆ ಡಿವೋರ್ಸ್ ಬೇಡವಾದ್ದರಿಂದ ಸದ್ಯಕ್ಕೆ ಅದನ್ನು ಬದಿಗಿಡಿ. ನೀವು ಕೆಲಸದಲ್ಲಿದ್ದರೆ, ಮನೆ ಖರ್ಚಿಗೆ ಏಳು ವರ್ಷ ಹಾಕಿದ ಸಂಬಳವನ್ನೂ ಕೇಳಲು ಹೋಗಬೇಡಿ. ಸಂಬಳ ನಿಮ್ಮದೇ, ಆದರೆ ದಿನಸಿಗೆ, ಬಾಡಿಗೆಗೆ ಖರ್ಚಾದದ್ದನ್ನು ವಾಪಸ್ ಪಡೆಯುವುದು ಕಷ್ಟ.

ಪಟ್ಟಿ, ಸಾಕ್ಷಿ ಕೂಡಿದ ಮೇಲೆ ಮೊದಲು ಬರವಣಿಗೆಯಲ್ಲಿ ಕೇಳಿ. ವಕೀಲರ ಮೂಲಕ ನೋಟಿಸ್ ಆದರೆ ಒಳ್ಳೆಯದು. ಪಟ್ಟಿ ಲಗತ್ತಿಸಿ, ಇಷ್ಟು ದಿನದೊಳಗೆ ಇಂಥ ಕಡೆ ಒಪ್ಪಿಸಿ ಅಂತ ಬರೆಯಲಿ. ಫೋನಿನಲ್ಲಿ ಎಷ್ಟು ಸಲ ಕೇಳಿದ್ದರೂ ಅದಕ್ಕೆ ದಾಖಲೆ ಇಲ್ಲ. ಕೇಳಿದ್ದಕ್ಕೂ ಅವರು ಕೊಡದೇ ಇದ್ದದ್ದಕ್ಕೂ ಈ ನೋಟಿಸ್ ದಾಖಲೆ. ಅವರ ಉತ್ತರವೂ ಉಪಯೋಗಕ್ಕೆ ಬರುತ್ತದೆ. “ಒಡವೆ ಸುರಕ್ಷಿತವಾಗಿದೆ, ಮನೆಗೆ ಬಂದರೆ ಕೊಡುತ್ತೇವೆ” ಅಂತ ಬರೆದರೆ, ಒಡವೆ ತಮ್ಮ ಹತ್ತಿರ ಇದೆ ಅಂತ ಒಪ್ಪಿಕೊಂಡ ಹಾಗಾಯಿತು.

ಆಗಲೂ ಕೊಡದಿದ್ದರೆ ನಿಮ್ಮಂಥವರಿಗೆ ಸರಿಯಾದ ದಾರಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಹೊಡೆತ ಬಡಿತ ಇದ್ದರೆ ಮಾತ್ರ ಅದು ಅಂತ ತಿಳಿಯಬೇಡಿ. ಸ್ತ್ರೀಧನ ಕೊಡದೆ ತಡೆಯುವುದನ್ನು ಅದು ಆರ್ಥಿಕ ಹಿಂಸೆ ಅಂತಲೇ ಕರೆಯುತ್ತದೆ. ನೀವು ಈಗ ಇರುವ ತವರೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಗಂಡನ ಜೊತೆ ಅತ್ತೆಯನ್ನೂ ಎದುರುದಾರರನ್ನಾಗಿ ಮಾಡಬಹುದು, ನಿಮ್ಮ ಕೇಸಿನಲ್ಲಿ ಮಾಡಲೇಬೇಕು, ಲಾಕರ್ ಅವರ ಹೆಸರಲ್ಲಿದೆಯಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಜನ ಸಿಡಿಪಿಒ ಅಂತ ಕರೆಯುವವರೇ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಹೋದರೆ ದೂರಿನ ವಿವರ ಬರೆದುಕೊಂಡು ಕೋರ್ಟಿಗೆ ವರದಿ ಕಳಿಸುತ್ತಾರೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಅರ್ಜಿಯಲ್ಲಿ ಎರಡು ಕೋರಿಕೆ ಇರಲಿ. 19ನೇ ಕಲಂನ 8ನೇ ಉಪಕಲಂ ಪ್ರಕಾರ ಸ್ತ್ರೀಧನ ವಾಪಸ್ ಕೊಡಿಸಿ ಅನ್ನುವುದು ಮುಖ್ಯ ಕೋರಿಕೆ. ಅದು ತೀರ್ಮಾನ ಆಗುವವರೆಗೆ ಲಾಕರ್ ತೆಗೆಯದಂತೆ, ಒಡವೆ ಮಾರದಂತೆ, ಅಡದಲ್ಲಿರುವ ಬಳೆ ಕೈಬಿಟ್ಟು ಹೋಗದಂತೆ ತಡೆಯಿರಿ ಅಂತ ಮಧ್ಯಂತರ ಕೋರಿಕೆ ಇನ್ನೊಂದು. 18 ಮತ್ತು 23ನೇ ಕಲಂಗಳಲ್ಲಿ ಇದಕ್ಕೆ ಅಧಿಕಾರ ಇದೆ. ನಿಮ್ಮ ಅಫಿಡವಿಟ್ ನೋಡಿ ತುರ್ತು ಅನ್ನಿಸಿದರೆ, ಎದುರುದಾರರಿಗೆ ನೋಟಿಸ್ ಹೋಗುವ ಮೊದಲೇ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಎಷ್ಟೋ ಜನ ಈ ಎರಡನೆಯದನ್ನು ಕೇಳುವುದೇ ಇಲ್ಲ. ಮೊದಲ ವಿಚಾರಣೆಗೆ ಬರುವಷ್ಟರಲ್ಲಿ ಲಾಕರ್ ಖಾಲಿಯಾಗಿರುತ್ತದೆ. ಅರವತ್ತು ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಅದಕ್ಕಿಂತ ತುಂಬಾ ಹೆಚ್ಚು ಕಾಲ ಹಿಡಿಯುತ್ತದೆ, ಅದಕ್ಕೇ ಮಧ್ಯಂತರ ಆದೇಶ ಮುಖ್ಯ.

ಪೊಲೀಸ್ ದೂರು? ನಂಬಿ ಕೊಟ್ಟಿದ್ದನ್ನು ಕೊಡದೆ ಇರುವುದು ನಂಬಿಕೆ ದ್ರೋಹದ ಅಪರಾಧ. 2024ರ ಜುಲೈ 1ಕ್ಕೆ ಮೊದಲಿನ ಘಟನೆಗೆ ಹಳೇ ದಂಡ ಸಂಹಿತೆಯ 406, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆಯ 316. ನೀವು ಡಿವೋರ್ಸ್ ಬೇಡ ಅನ್ನುತ್ತಿದ್ದೀರಿ. ಅತ್ತೆಯ ಮೇಲೆ ಕ್ರಿಮಿನಲ್ ಕೇಸು ಹಾಕಿ ಅದೇ ಮನೆಗೆ ವಾಪಸ್ ಹೋಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅದೂ ಅಲ್ಲದೆ ಕ್ರಿಮಿನಲ್ ಕೇಸು ಮುಖ್ಯವಾಗಿ ಶಿಕ್ಷೆಗೆ, ಒಡವೆ ಕೈಗೆ ಬರಿಸಲಿಕ್ಕಲ್ಲ. ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಅರ್ಜಿ, ಒಡವೆ ಮಾರಿಬಿಟ್ಟಿದ್ದಾರೆ ಅಂತ ಗೊತ್ತಾದರೆ ಆಮೇಲೆ ಪೊಲೀಸು ಅನ್ನುವುದು ನನ್ನ ಸಲಹೆ. ಏಳು ವರ್ಷ ಸುಮ್ನಿದ್ದುದಕ್ಕೆ ಕೇಸು ನಿಲ್ಲಲ್ಲ ಅಂತ ಯಾರಾದರೂ ಹೆದರಿಸಿದರೆ, 2015ರ ಕೃಷ್ಣಾ ಭಟ್ಟಾಚಾರ್ಜಿ ತೀರ್ಪಿನ ಬಗ್ಗೆ ಹೇಳಿ. ಸ್ತ್ರೀಧನವನ್ನು ತಿರುಗಿ ಕೊಡುವವರೆಗೂ ಆ ತಪ್ಪು ಮುಂದುವರಿಯುತ್ತಲೇ ಇರುತ್ತದೆ ಅಂತ ಅದರಲ್ಲಿದೆ. ಆ ಹೆಣ್ಣುಮಗಳು ನ್ಯಾಯಾಲಯದ ಆದೇಶದಂತೆ ಗಂಡನಿಂದ ಬೇರೆಯಾದ ಮೇಲೆ ಕೇಳಿದ್ದಳು, ಆದರೂ ಅವಳ ಹಕ್ಕು ಉಳಿದಿತ್ತು.

ದೂರು, ನೋಟಿಸ್, ಅರ್ಜಿ ಯಾವುದೇ ಇರಲಿ, ನಿಮ್ಮ ಹೆಸರಲ್ಲೇ ಇರಬೇಕು. ಅಪ್ಪ ತಾವೇ ಮುಂದೆ ನಿಂತು ಕೇಸು ಹಾಕುತ್ತೇನೆ ಅಂದರೆ ಬೇಡ ಅನ್ನಿ. 2024ರ ಆಗಸ್ಟಿನಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ ಮಗಳ ಡಿವೋರ್ಸ್ ಆಗಿ ವರ್ಷಗಳ ಮೇಲೆ ತಂದೆ ಒಡವೆ ಕೇಳಿ ದೂರು ಕೊಟ್ಟಿದ್ದರು. ಮಗಳು ಅವರಿಗೆ ಅಧಿಕಾರ ಕೊಟ್ಟಿರಲಿಲ್ಲ. ಸ್ತ್ರೀಧನಕ್ಕೆ ಮಗಳೊಬ್ಬಳೇ ಒಡತಿ, ಬದುಕಿರುವ ಮಗಳ ಪರವಾಗಿ ಕೇಳಲು ತಂದೆಗೂ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಅಪ್ಪ ಸಾಕ್ಷಿಯಾಗಿ ಇರಲಿ.

ಒಡವೆ ವಾಪಸ್ ಬರುವ ದಿನ ಹುಷಾರಾಗಿರಿ. ಕರವಸ್ತ್ರದಲ್ಲಿ ಕಟ್ಟಿ ಕೊಟ್ಟಿದ್ದನ್ನು ಹಾಗೇ ತಗೊಂಡು ಸಹಿ ಹಾಕಬೇಡಿ. ಪಟ್ಟಿ ಹಿಡಿದು ಒಂದೊಂದನ್ನೂ ನೋಡಿ, ತೂಕ ಹಾಕಿಸಿ, ಹಳೇ ಫೋಟೋ ಜೊತೆ ಹೋಲಿಸಿ. ಕೊಕ್ಕೆ ಬದಲಾಗಿದೆಯಾ, ಹಾರದ ಗುಂಡು ಕಡಿಮೆಯಾಗಿದೆಯಾ ಗಮನಿಸಿ. ಕಲ್ಲಿನ ಒಡವೆಯಲ್ಲಿ ಒಟ್ಟು ತೂಕ, ನಿವ್ವಳ ತೂಕ ಎರಡೂ ಬರೆಸಿ. ಬಂದಷ್ಟಕ್ಕೆ ಮಾತ್ರ ರಸೀದಿ ಕೊಡಿ, “ಉಳಿದದ್ದು ಬಾಕಿ ಇದೆ” ಅನ್ನುವ ಸಾಲು ಅದರಲ್ಲಿರಲಿ. ಮುಂದೆ ಯಾವತ್ತಾದರೂ ರಾಜಿ ಪತ್ರ ಮಾಡಿಕೊಂಡರೆ, “ಪರಸ್ಪರ ಯಾವ ಕ್ಲೇಮೂ ಇಲ್ಲ” ಅನ್ನುವ ಸಾಲಿಗೆ ಸಹಿ ಹಾಕುವ ಮೊದಲು ಒಡವೆ ಪಟ್ಟಿ ಅದಕ್ಕೆ ಲಗತ್ತಾಗಿದೆಯಾ ನೋಡಿ. ಆ ಒಂದು ಸಾಲಿನಲ್ಲಿ ಸ್ತ್ರೀಧನ ಕಳೆದುಕೊಂಡವರಿದ್ದಾರೆ.

ಇನ್ನು ಸೈಟು. ಅಪ್ಪ ನೋಂದಾಯಿತ ದಾನಪತ್ರ ಮಾಡಿಕೊಟ್ಟಿದ್ದರೆ ಅದು ಸಂಪೂರ್ಣ ನಿಮ್ಮದು. ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಅಂತ ಬಾಯಿಮಾತಲ್ಲಿ ಜಮೀನು ಬಿಟ್ಟುಕೊಡುವುದು ಉಂಟು. ಹಾಗೆ ಕೊಟ್ಟ ಸ್ಥಿರಾಸ್ತಿಗೆ ಕಾನೂನಿನಲ್ಲಿ ಬೆಲೆ ಇಲ್ಲ, ದಾನಪತ್ರ ನೋಂದಣಿ ಆಗಲೇಬೇಕು. ನಿಮ್ಮದು ಆಗಿದೆ, ಒಳ್ಳೆಯದಾಯಿತು. ಆದರೂ ಪತ್ರವನ್ನು ಒಮ್ಮೆ ಓದಿ. “ಜೀವನಪರ್ಯಂತ ಅನುಭವಿಸಿಕೊಂಡು ಹೋಗತಕ್ಕದ್ದು, ಪರಭಾರೆ ಮಾಡಕೂಡದು” ಅಂತ ಷರತ್ತು ಹಾಕಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂನ ಎರಡನೇ ಉಪಕಲಂ ಪ್ರಕಾರ ನಿಮ್ಮ ಹಕ್ಕು ಅಷ್ಟಕ್ಕೇ ಸೀಮಿತ. ಅಂಥ ಸಾಲಿದ್ದರೆ, ಅಪ್ಪ ಇರುವಾಗಲೇ ಅದನ್ನು ಸರಿಪಡಿಸುವ ಬಗ್ಗೆ ವಕೀಲರನ್ನು ಕೇಳಿ.

ಗಂಡನ ಹೆಸರು ಸೇರಿಸಲು ನೀವು ಬದ್ಧರಲ್ಲ. ನೀವು ಬದುಕಿರುವಷ್ಟು ದಿನ ಅವರಿಗೆ ಆ ಸೈಟಿನಲ್ಲಿ ಒಂದಡಿಯೂ ಇಲ್ಲ. ಸೇರಿಸಬೇಕಾದರೆ ನೀವು ಅವರಿಗೆ ಪಾಲನ್ನು ದಾನವಾಗಿಯೋ ಕ್ರಯಕ್ಕೋ ಬರೆದುಕೊಡಬೇಕು. ಹಾಗೆ ಕೊಟ್ಟ ಮೇಲೆ ಜಗಳ ಆಯಿತು ಅಂತ ವಾಪಸ್ ಕೇಳೋಕಾಗಲ್ಲ. ಒಡವೆ ಕೊಡುತ್ತೇವೆ, ಸೈಟಿಗೆ ಹೆಸರು ಸೇರಿಸು ಅಂತ ಚೌಕಾಸಿಗೆ ಬಂದರೆ ಒಪ್ಪಬೇಡಿ. ಎರಡೂ ನಿಮ್ಮವೇ.

ಆದರೆ ನಿಮ್ಮ ನಂತರ ಏನು ಅನ್ನುವುದನ್ನು ನೀವು ಕೇಳಿಲ್ಲ, ನಾನು ಹೇಳಲೇಬೇಕು. ಉಯಿಲು ಬರೆಯದೆ ಹಿಂದೂ ಹೆಣ್ಣು ತೀರಿಕೊಂಡರೆ ಆಕೆಯ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ ಸಮನಾಗಿ ಹೋಗುತ್ತದೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಆಕೆಯ ಸ್ವಂತ ಅಪ್ಪ ಅಮ್ಮ ಬರುವುದು ಅದರ ನಂತರ. ತಂದೆ ತಾಯಿಯಿಂದ ವಾರಸುದಾರಿಕೆಯಲ್ಲಿ ಬಂದ ಆಸ್ತಿಗೆ ಬೇರೆ ನಿಯಮ ಇದೆ. ಆಕೆಗೆ ಮಕ್ಕಳಿಲ್ಲದಿದ್ದರೆ ಅದು ತಂದೆಯ ಕಡೆಗೇ ತಿರುಗುತ್ತದೆ. ನಿಮ್ಮ ಸೈಟು ಅಪ್ಪ ಬದುಕಿದ್ದಾಗಲೇ ದಾನವಾಗಿ ಕೊಟ್ಟಿದ್ದು, ಆ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. 2009ರಲ್ಲಿ ಓಂ ಪ್ರಕಾಶ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡ ತೀರಿಕೊಂಡು, ಅತ್ತೆ ಮನೆಯಿಂದ ಹೊರಬಿದ್ದ ಹೆಣ್ಣುಮಗಳು ತವರಿನಲ್ಲಿ ಓದಿ, ಕೆಲಸಕ್ಕೆ ಸೇರಿ ದುಡಿದು ಆಸ್ತಿ ಮಾಡಿದ್ದಳು. ಉಯಿಲು ಬರೆದಿರಲಿಲ್ಲ. ಓದಿಸಿದ ತಾಯಿಗೆ ಏನೂ ಸಿಗಲಿಲ್ಲ, ಎಲ್ಲ ಗಂಡನ ಕಡೆಯವರಿಗೆ ಹೋಯಿತು. ಕಾಯ್ದೆ ಹಾಗಿದೆ, ಅನುಕಂಪದಿಂದ ತೀರ್ಪು ಕೊಡೋಕಾಗಲ್ಲ ಅಂತ ಕೋರ್ಟ್ ಹೇಳಿತು.

ನಿಮಗೆ ಮಗಳಿದ್ದಾಳೆ. ಇವತ್ತಿಗೆ ಉಯಿಲು ಇಲ್ಲದಿದ್ದರೆ ಸೈಟಿನಲ್ಲಿ ಅರ್ಧ ಅವಳಿಗೆ, ಅರ್ಧ ಗಂಡನಿಗೆ. ಮಗಳು ಅಪ್ರಾಪ್ತೆಯಾಗಿರುವವರೆಗೆ ಅವಳ ಅರ್ಧವನ್ನು ನೋಡಿಕೊಳ್ಳುವವರೂ ಬಹುತೇಕ ಅವರೇ ಆಗುತ್ತಾರೆ. ಹಾಗಾಗುವುದು ಬೇಡ ಅಂತ ಇದ್ದರೆ ಸೈಟು, ಒಡವೆ ಎರಡನ್ನೂ ಹೆಸರಿಸಿ ಉಯಿಲು ಬರೆಯಿರಿ. ಒಡವೆ ಇನ್ನೂ ಅತ್ತೆಯ ಲಾಕರಿನಲ್ಲೇ ಇದ್ದರೂ ಬರೆಯಬಹುದು. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಕಿಲ್ಲ. ನಿಮ್ಮ ಸಹಿ, ನೀವು ಸಹಿ ಹಾಕಿದ್ದನ್ನು ನೋಡಿದ ಇಬ್ಬರ ಸಹಿ ಇರಬೇಕು. ಆ ಇಬ್ಬರು ಉಯಿಲಿನಿಂದ ಏನೂ ಪಡೆಯದವರಾಗಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ನಿಮ್ಮ ಕೇಸಿನಲ್ಲಿ ಮಾಡಿಸಿಬಿಡಿ. ಮಗಳ ಪಾಲನ್ನು ಅವಳಿಗೆ ಹದಿನೆಂಟು ತುಂಬುವವರೆಗೆ ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.